ತಡವಾದ ಪೂರೈಕೆ: ದಿನಾಂಕಗಳ ಪಟ್ಟಿಯೊಂದಿಗೆ ಮೇಲಧಿಕಾರಿಗೆ ಬರೆದ ನನ್ನ ಅನುಭವ

ನಮ್ಮ ಜೋಡಣಾ ವಿಭಾಗಕ್ಕೆ ಬ್ರಾಕೆಟ್ ಮತ್ತು ಶಾಫ್ಟ್‌ಗಳನ್ನು ಒದಗಿಸುತ್ತಿದ್ದ ಪೂರೈಕೆದಾರರ ಮಾಲು ತಡವಾದಾಗಲೆಲ್ಲ ನಾನು ಅವರ ಮಾರಾಟಾಧಿಕಾರಿಗೆ ಫೋನ್ ಮಾಡುತ್ತಿದ್ದೆ, ಅವರು ವಿನಯದಿಂದಲೇ ಹೊಸ ದಿನಾಂಕವೊಂದನ್ನು ಕೊಡುತ್ತಿದ್ದರು. ಆ ದಿನಾಂಕವೂ ದಾಟಿದರೆ ಮತ್ತೊಂದು ಬರುತ್ತಿತ್ತು. ಮಾರ್ಚ್‌ನ ಬ್ರಾಕೆಟ್‌ಗಳು ಎರಡು ಬಾರಿ ಮುಂದೂಡಲ್ಪಟ್ಟ ಮೇಲೆ, ಈ ವಿಷಯವನ್ನು ಅವರ ಕಾರ್ಯಾಚರಣೆ ಮುಖ್ಯಸ್ಥರವರೆಗೆ ಒಯ್ಯಬೇಕೆಂದು ನಿರ್ಧರಿಸಿದೆ. ಮಾರಾಟ ಮುಖ್ಯಸ್ಥರನ್ನು ಬಿಟ್ಟು ಇವರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ಯಂತ್ರದ ಮೇಲೆ ಯಾವ ಕೆಲಸ ಮೊದಲು ಹೋಗಬೇಕೆಂದು ಬದಲಿಸುವ ಅಧಿಕಾರ ಅವರಲ್ಲಿತ್ತು.

ಪತ್ರಕ್ಕಿಂತ ಮೊದಲು ಪಟ್ಟಿಯನ್ನು ಸಿದ್ಧಪಡಿಸಿದೆ. ಅದು ಹೀಗಿತ್ತು:

| ಕ್ರ.ಸಂ. | ಭಾಗ | ಮೊದಲು ಒಪ್ಪಿದ ದಿನಾಂಕ | ಕೊನೆಯದಾಗಿ ಕೊಟ್ಟ ದಿನಾಂಕ | ಪೂರ್ತಿ ಮಾಲು ಬಂದ ದಿನಾಂಕ | ತಡ (ದಿನ) |
|---|---|---|---|---|---|
| 1 | ಬ್ರಾಕೆಟ್ | 10 ಜನವರಿ | – | 19 ಜನವರಿ | 9 |
| 2 | ಶಾಫ್ಟ್ | 24 ಜನವರಿ | – | 25 ಜನವರಿ | 1 |
| 3 | ಬ್ರಾಕೆಟ್ | 7 ಫೆಬ್ರವರಿ | 14 ಫೆಬ್ರವರಿ | 18 ಫೆಬ್ರವರಿ | 11 |
| 4 | ಶಾಫ್ಟ್ | 21 ಫೆಬ್ರವರಿ | – | 21 ಫೆಬ್ರವರಿ | 0 |
| 5 | ಬ್ರಾಕೆಟ್ | 7 ಮಾರ್ಚ್ | 18 ಮಾರ್ಚ್ | 20 ಮಾರ್ಚ್ | 13 |

ಇಂಥ ಪಟ್ಟಿಯಲ್ಲಿ ತಡವನ್ನು ಯಾವ ದಿನಾಂಕದಿಂದ ಎಣಿಸುತ್ತೇವೆ ಎಂಬುದರ ಮೇಲೆಯೇ ಎಲ್ಲವೂ ನಿಂತಿರುತ್ತದೆ. ಪ್ರತಿ ಬಾರಿಯೂ ಕೊನೆಯದಾಗಿ ಕೊಟ್ಟ ದಿನಾಂಕವನ್ನು ಹಿಡಿದು ಎಣಿಸಿದರೆ ಬ್ರಾಕೆಟ್‌ಗಳ ತಡ 9, 4, 2 ದಿನಗಳಾಗುತ್ತದೆ, ಅಂದರೆ ಪೂರೈಕೆ ಸುಧಾರಿಸುತ್ತಿದೆ ಎಂದು ಕಾಣುತ್ತದೆ. ಆರ್ಡರ್ ದೃಢೀಕರಣದಲ್ಲಿ ಅವರೇ ಬರೆದುಕೊಟ್ಟ ಮೊದಲ ದಿನಾಂಕದಿಂದ ಎಣಿಸಿದರೆ ಅದು 9, 11, 13 ಆಗುತ್ತದೆ, ಪರಿಸ್ಥಿತಿ ಪ್ರತಿ ತಿಂಗಳೂ ಹದಗೆಡುತ್ತಿರುವುದು ಗೊತ್ತಾಗುತ್ತದೆ. ಆರ್ಡರ್ ನಮೂದಿಸುವ ಸಾಫ್ಟ್‌ವೇರ್‌ನಲ್ಲಿ ಹೊಸ ದಿನಾಂಕ ಹಾಕಿದೊಡನೆ ಹಳೆಯದು ಅಳಿಸಿಹೋಗುತ್ತಿದ್ದುದರಿಂದ, ಮೊದಲ ದಿನಾಂಕಗಳನ್ನು ನಾನು ಹಳೆಯ ಇಮೇಲ್‌ಗಳಿಂದಲೇ ಹೆಕ್ಕಬೇಕಾಯಿತು. ಅವರ ಕಚೇರಿಯಲ್ಲೂ ಬಹುಶಃ ಹೀಗೆಯೇ ಆಗುತ್ತಿದ್ದಿರಬೇಕು, ಮೇಲಧಿಕಾರಿಗೆ ಹೋಗುವ ವರದಿಯಲ್ಲಿ ನಮ್ಮ ಆರ್ಡರ್‌ಗಳು ಹೆಚ್ಚು ತಡವಾದಂತೆ ಕಂಡಿರಲಾರವು.

ಒಟ್ಟು ಸರಾಸರಿಯನ್ನು ನಾನು ಬೇಕೆಂದೇ ಕೊಡಲಿಲ್ಲ. ಐದೂ ಸಾಲುಗಳ ಸರಾಸರಿ ತಡ 6.8 ದಿನ. ಆ ಅಂಕಿಯನ್ನು ನೋಡಿದವರಿಗೆ ಎಲ್ಲ ಭಾಗಗಳೂ ಸ್ವಲ್ಪ ಸ್ವಲ್ಪ ತಡವಾಗುತ್ತಿವೆ ಎನಿಸುತ್ತದೆ. ವಾಸ್ತವದಲ್ಲಿ ಶಾಫ್ಟ್‌ಗಳು ಬಹುತೇಕ ಸರಿಯಾಗಿಯೇ ಬರುತ್ತಿದ್ದವು, ತೊಂದರೆ ಇದ್ದದ್ದು ಬ್ರಾಕೆಟ್‌ಗಳಲ್ಲಿ ಮಾತ್ರ. ಅದಕ್ಕಾಗಿಯೇ ಶಾಫ್ಟ್‌ಗಳ ಸಾಲುಗಳನ್ನು ಪಟ್ಟಿಯಿಂದ ತೆಗೆಯಲಿಲ್ಲ: ಅದೇ ಕಾರ್ಖಾನೆ ಒಂದು ಭಾಗವನ್ನು ಸಮಯಕ್ಕೆ ಕೊಡಬಲ್ಲದಾದರೆ ಇನ್ನೊಂದರಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆ ಓದುವವರಲ್ಲಿ ತಾನಾಗಿ ಏಳುತ್ತದೆ.

ಬಂದ ದಿನಾಂಕಕ್ಕೆ ನಮ್ಮ ಗೇಟ್ ರಿಜಿಸ್ಟರನ್ನು ಆಧಾರವಾಗಿ ಇಟ್ಟುಕೊಂಡೆ. ಸ್ಟೋರ್ಸ್‌ನಲ್ಲಿ ಸ್ವೀಕೃತಿ ನಮೂದಿಸುವುದು ಕೆಲವೊಮ್ಮೆ ಮರುದಿನಕ್ಕೆ ಹೋಗುತ್ತದೆ, ಆ ಒಂದು ದಿನವನ್ನು ಪೂರೈಕೆದಾರರ ತಲೆಗೆ ಕಟ್ಟಿದರೆ ಅವರು ಅದನ್ನೇ ಹಿಡಿದು ಇಡೀ ಪಟ್ಟಿಯನ್ನು ಅಲ್ಲಗಳೆಯಬಹುದು. ನಮ್ಮ ಖರೀದಿ ಆದೇಶದಲ್ಲಿ ಮಾಲನ್ನು ನಮ್ಮ ಗೇಟಿಗೆ ತಲುಪಿಸಬೇಕೆಂಬ ಷರತ್ತು ಇದ್ದುದರಿಂದ ಈ ಲೆಕ್ಕ ನ್ಯಾಯವಾಗಿತ್ತು. ಅವರ ಕಾರ್ಖಾನೆಯಿಂದ ನಾವೇ ಮಾಲು ಎತ್ತಿಕೊಳ್ಳುವ ಷರತ್ತಿದ್ದಿದ್ದರೆ ಮಾಲು ಸಿದ್ಧವಾಯಿತೆಂದು ಅವರು ತಿಳಿಸಿದ ದಿನವನ್ನೇ ಹಿಡಿಯಬೇಕಾಗುತ್ತಿತ್ತು. ಫೆಬ್ರವರಿಯ ಬ್ರಾಕೆಟ್‌ಗಳಲ್ಲಿ ಒಂದು ಭಾಗ 14ರಂದೇ ಬಂದಿತ್ತು, ಅದನ್ನು ಪಟ್ಟಿಯ ಕೆಳಗೆ ಟಿಪ್ಪಣಿಯಾಗಿ ಬರೆದೆ.

ಪಟ್ಟಿಯ ಐದು ಸಾಲುಗಳಲ್ಲದೆ ಆರನೆಯದೊಂದು ಆರ್ಡರ್ ಇತ್ತು. ಕವರ್‌ಗಳು 14 ಮಾರ್ಚ್‌ಗೆ ಬದಲು 26 ಮಾರ್ಚ್‌ಗೆ ಬಂದಿದ್ದವು, ಆದರೆ ಕೆಲಸದ ನಡುವೆ ನಮ್ಮ ವಿನ್ಯಾಸ ವಿಭಾಗವೇ ನಕ್ಷೆಯನ್ನು ಬದಲಿಸಿತ್ತು. ಈ ಸಾಲನ್ನು ‘ನಮ್ಮ ಕಡೆಯ ಬದಲಾವಣೆಯಿಂದಾದ ತಡ, ಲೆಕ್ಕಕ್ಕೆ ಸೇರಿಲ್ಲ’ ಎಂಬ ವಿವರಣೆಯೊಂದಿಗೆ ಪ್ರತ್ಯೇಕವಾಗಿ ಕೊಟ್ಟೆ. ಅವರಿಗೆ ನಮ್ಮಿಂದ ಹಣ ಬಾಕಿ ಇಲ್ಲವೆಂಬುದನ್ನೂ ಲೆಕ್ಕಪತ್ರ ವಿಭಾಗದಲ್ಲಿ ಖಚಿತಪಡಿಸಿಕೊಂಡೆ. ಬಾಕಿ ಇದ್ದರೆ ಮೇಲಧಿಕಾರಿಯ ಮೊದಲ ಉತ್ತರ ಅದೇ ಆಗಿರುತ್ತದೆ.

ಪತ್ರ ಕಳಿಸುವ ಮೊದಲು ಮಾರಾಟಾಧಿಕಾರಿಗೆ ಪಟ್ಟಿಯನ್ನು ತೋರಿಸಿ, ‘ಇದನ್ನು ನಿಮ್ಮ ಮೇಲಿನವರಿಗೆ ಕಳಿಸುತ್ತಿದ್ದೇನೆ ಸರ್, ದಿನಾಂಕಗಳಲ್ಲಿ ತಪ್ಪಿದ್ದರೆ ಹೇಳಿ’ ಎಂದೆ. ಅವರಿಗೆ ಬೇಸರವಾದದ್ದು ಧ್ವನಿಯಲ್ಲೇ ತಿಳಿಯಿತು. ಆದರೂ ಪಟ್ಟಿಯನ್ನು ಗಮನವಿಟ್ಟು ನೋಡಿ, ಎರಡನೆಯ ಸಾಲಿನ ಶಾಫ್ಟ್‌ಗಳ ಲಾರಿ 24ರ ಸಂಜೆಯೇ ಬಂದು ಗೇಟು ಮುಚ್ಚಿದ್ದರಿಂದ ಹೊರಗೆ ನಿಂತಿತ್ತೆಂದು ಹೇಳಿದರು. ರಿಜಿಸ್ಟರ್‌ನಲ್ಲಿ ಅದಕ್ಕೆ ದಾಖಲೆ ಇರಲಿಲ್ಲ. ಅವರ ಮಾತನ್ನು ಟಿಪ್ಪಣಿಯಲ್ಲಿ ಹಾಗೆಯೇ ಬರೆದೆ, ಏಕೆಂದರೆ ಆ ಒಂದು ದಿನಕ್ಕಾಗಿ ವಾದಿಸುವುದರಿಂದ ಬ್ರಾಕೆಟ್‌ಗಳ ವಿಷಯ ಬದಿಗೆ ಸರಿಯುತ್ತಿತ್ತು.

ಪತ್ರದ ಮುಖ್ಯ ಭಾಗ ಇಷ್ಟೇ:

‘ಮಾನ್ಯರೇ, ಜನವರಿಯಿಂದ ಮಾರ್ಚ್‌ವರೆಗೆ ಒಪ್ಪಿದ ಮತ್ತು ಪೂರೈಸಿದ ದಿನಾಂಕಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ. ಬ್ರಾಕೆಟ್‌ಗಳ ತಡ 9ರಿಂದ 13 ದಿನಗಳಿಗೆ ಏರಿದೆ. ಮಾರ್ಚ್‌ನಲ್ಲಿ ಮೊದಲ ಬದಲಾವಣೆಯನ್ನು ನಮಗೆ ತಿಳಿಸಿದ್ದು, ಒಪ್ಪಿದ ದಿನಾಂಕ ಕಳೆದ ಮರುದಿನ. ಬಾಕಿ ಇರುವ ಎರಡು ಬ್ರಾಕೆಟ್ ಆರ್ಡರ್‌ಗಳಿಗೆ ನಿಮ್ಮ ಉತ್ಪಾದನಾ ಯೋಜನಾ ವಿಭಾಗವೇ ದೃಢಪಡಿಸಿದ ದಿನಾಂಕಗಳನ್ನು ಈ ಶುಕ್ರವಾರದೊಳಗೆ ತಿಳಿಸಬೇಕೆಂದೂ, ತಡಕ್ಕೆ ಕಾರಣವೇನೆಂದು ಚರ್ಚಿಸಲು ಮುಂದಿನ ವಾರ ಸಮಯ ಕೊಡಬೇಕೆಂದೂ ಕೋರುತ್ತೇನೆ.’

ಬೇರೆ ಪೂರೈಕೆದಾರರನ್ನು ನೋಡುತ್ತೇವೆಂಬ ಮಾತನ್ನು ನಾನು ಸೇರಿಸಲಿಲ್ಲ. ಹೊಸಬರಿಂದ ಮಾದರಿ ತರಿಸಿ, ಪರೀಕ್ಷಿಸಿ, ಒಪ್ಪಿಗೆ ಕೊಡಲು ನಮಗೇ ತಿಂಗಳುಗಳು ಬೇಕೆಂಬುದು ಅವರಿಗೂ ಗೊತ್ತಿತ್ತು. ‘ಪದೇ ಪದೇ’, ‘ನಿರ್ಲಕ್ಷ್ಯ’ ಎಂಬಂಥ ಪದಗಳನ್ನೂ ಕರಡಿನಿಂದ ತೆಗೆದುಹಾಕಿದೆ. ಆರ್ಡರ್ ದೃಢೀಕರಣಗಳ ಪ್ರತಿಗಳು ಜೊತೆಯಲ್ಲಿದ್ದವು, ಮಾರಾಟಾಧಿಕಾರಿಗೂ ಪತ್ರದ ಪ್ರತಿ ಹೋಯಿತು.

ಸಭೆಯಲ್ಲಿ ಪಟ್ಟಿಯ ಬಗ್ಗೆ ತಕರಾರು ಬರಲಿಲ್ಲ, ಮಾತು ನೇರವಾಗಿ ಕಾರಣಕ್ಕೆ ಹೋಯಿತು. ಬ್ರಾಕೆಟ್‌ಗಳು ಸತುವಿನ ಲೇಪನಕ್ಕಾಗಿ ಹೊರಗಿನ ಘಟಕಕ್ಕೆ ಹೋಗುತ್ತಿದ್ದವು, ಆ ಘಟಕ ಇವರ ಮಾಲನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುತ್ತಿತ್ತು. ಶಾಫ್ಟ್‌ಗಳಿಗೆ ಲೇಪನವೇ ಇರಲಿಲ್ಲ. ಮಾರಾಟ ವಿಭಾಗ ತಮ್ಮ ಯಂತ್ರಗಳ ಕೆಲಸದ ದಿನಗಳನ್ನಷ್ಟೇ ಎಣಿಸಿ ದಿನಾಂಕ ಒಪ್ಪಿಕೊಳ್ಳುತ್ತಿತ್ತು, ಮಾಲು ಒಂದು ದಿನ ಹಿಂದುಳಿದರೂ ಲೇಪನಕ್ಕಾಗಿ ಇಡೀ ವಾರ ಕಾಯಬೇಕಾಗುತ್ತಿತ್ತು. ಪಟ್ಟಿಯಿಂದ ಇದನ್ನು ಕಂಡುಕೊಳ್ಳಲು ನನಗೆ ಸಾಧ್ಯವಿರಲಿಲ್ಲ. ಎಷ್ಟು ತಡ, ಯಾವ ಭಾಗದಲ್ಲಿ ತಡ ಎಂಬುದನ್ನಷ್ಟೇ ಅದು ತೋರಿಸಿತ್ತು.

ಇನ್ನು ಮುಂದೆ ಲೇಪನದ ದಿನದಿಂದ ಹಿಂದಕ್ಕೆ ಎಣಿಸಿ ಯೋಜನಾ ವಿಭಾಗವೇ ದಿನಾಂಕ ಕೊಡುವುದೆಂದೂ, ಮಾಲು ಆ ವಾರದ ಲೇಪನಕ್ಕೆ ಸೇರದಿದ್ದರೆ ಅದೇ ದಿನ ನಮಗೆ ತಿಳಿಸುವುದೆಂದೂ ಒಪ್ಪಂದವಾಯಿತು. ಇದರಿಂದ ಬ್ರಾಕೆಟ್‌ಗಳ ಪೂರೈಕೆ ಅವಧಿ ಕಾಗದದ ಮೇಲೆ ಒಂದು ವಾರ ಹೆಚ್ಚಿತು, ಹಾಗಾಗಿ ನಾವೂ ಆರ್ಡರ್ ಹಾಕುವ ದಿನವನ್ನು ಒಂದು ವಾರ ಹಿಂದಕ್ಕೆ ತಂದುಕೊಂಡೆವು. ಪಟ್ಟಿಯನ್ನು ಈಗ ಪ್ರತಿ ತಿಂಗಳೂ ಮಾರಾಟಾಧಿಕಾರಿಗೆ ಕಳಿಸುತ್ತೇನೆ, ಬದಲಾವಣೆಯನ್ನು ನಮಗೆ ಯಾವ ದಿನ ತಿಳಿಸಿದರು ಎಂಬ ಹೊಸ ಅಂಕಣವೊಂದು ಅದರಲ್ಲಿ ಸೇರಿದೆ.