ಸಾಲ ಜಾಸ್ತಿಯಾದಂತೆ ಮಾಲೀಕರ ಹಣ ಯಾಕೆ ದುಬಾರಿ? ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಲೆಕ್ಕ

ನಾನು ಹುಬ್ಬಳ್ಳಿಯಲ್ಲಿ ಲೆಕ್ಕಪರಿಶೋಧಕ. ಹಾವೇರಿ ಜಿಲ್ಲೆಯ ಕಡೆಯಿಂದ ಬರುವ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಬ್ಯಾಡಗಿ ಸುತ್ತಲಿನ ಕೋಲ್ಡ್ ಸ್ಟೋರೇಜ್‌ಗಳದ್ದು ದೊಡ್ಡ ಪಾಲು. ಸುಗ್ಗಿಯಲ್ಲಿ ಬಂದ ಮೆಣಸಿನಕಾಯಿಯನ್ನು ಬಣ್ಣ ಮಾಸದಂತೆ ತಿಂಗಳುಗಟ್ಟಲೆ ಇಡುವುದು, ಚೀಲಕ್ಕೆ ಇಷ್ಟು ಅಂತ ಬಾಡಿಗೆ ವಸೂಲಿ ಮಾಡುವುದು. ಇಷ್ಟೇ ವ್ಯವಹಾರ. ಇಂಥ ಒಂದು ಹೊಸ ಕಂಪನಿಗೆ ಲೆಕ್ಕ ಹಾಕುವಾಗ ಸಾಲ ಏರಿದಂತೆ ಮಾಲೀಕರ ಹಣಕ್ಕೆ ಬೇಕಾದ ಪ್ರತಿಫಲ ಎಷ್ಟು ಏರುತ್ತದೆ ಅಂತ ಹೇಳುವ, ಅರ್ಥಶಾಸ್ತ್ರಜ್ಞರಾದ ಮೋದಿಲಿಯಾನಿ ಮತ್ತು ಮಿಲ್ಲರ್ ಅವರ ಎರಡನೇ ಸೂತ್ರವನ್ನು, ತೆರಿಗೆ ಸೇರಿಸಿದ ರೂಪದಲ್ಲಿ, ನಾನು ಹೇಗೆ ಬಳಸಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಓದಲು ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಕಟ್ಟಡ, ಯಂತ್ರ ಎಲ್ಲ ಸೇರಿ ಖರ್ಚು 12 ಕೋಟಿ. ಬಡ್ಡಿ ಮತ್ತು ತೆರಿಗೆಗೆ ಮೊದಲಿನ ಲಾಭ ವರ್ಷಕ್ಕೆ ಸರಾಸರಿ 2.4 ಕೋಟಿ. ಸವಕಳಿಯಷ್ಟು ಹಣ ಪ್ರತಿ ವರ್ಷ ಯಂತ್ರಗಳ ದುರಸ್ತಿ, ಬದಲಾವಣೆಗೇ ಹೋಗುತ್ತದೆ ಅಂತ ಹಿಡಿದಿದ್ದೆ. ಈಗಿನ ಕಡಿಮೆ ದರದ ಆಯ್ಕೆಯಲ್ಲಿ ಕಂಪನಿ ತೆರಿಗೆ 22%. ಸರ್‌ಚಾರ್ಜ್, ಸೆಸ್ ಸೇರಿದರೆ 25.17%. ನಾನು 25% ಅಂತಲೇ ಹಾಕಿದೆ. ಅಂದರೆ ಸಾಲವೇ ಇಲ್ಲದಿದ್ದರೆ ತೆರಿಗೆ ಕಳೆದು ಮಾಲೀಕರಿಗೆ 1.8 ಕೋಟಿ. ಇಂಥ ವ್ಯವಹಾರಕ್ಕೆ, ಸಾಲವಿಲ್ಲದೆ, ಹಣ ಹಾಕುವವರು 15% ಬಯಸುತ್ತಾರೆ ಅನ್ನುವುದು ನನ್ನ ಅಂದಾಜು. ಪ್ರತಿ ವರ್ಷ ಇಷ್ಟೇ ಬರುತ್ತಾ ಇರುತ್ತದೆ ಅಂತ ಹಿಡಿದು 1.8 ಕೋಟಿಯನ್ನು 15%ರಿಂದ ಭಾಗಿಸಿದರೆ ವ್ಯವಹಾರದ ಇಂದಿನ ಬೆಲೆ 12 ಕೋಟಿ. ಹಾಕಿದಷ್ಟೇ ಬೆಲೆ, ಲಾಭವೂ ಇಲ್ಲ, ನಷ್ಟವೂ ಇಲ್ಲ.

ಬ್ಯಾಂಕು 10%ಕ್ಕೆ ಸಾಲ ಕೊಡಲು ತಯಾರಿತ್ತು. ಆಗ ಪಾಲುದಾರರಲ್ಲಿ ಹಿರಿಯರೊಬ್ಬರು ಕೇಳಿದ್ದು ಹೀಗೆ: ‘ಸರ್, ಬ್ಯಾಂಕ್ 10ಕ್ಕ ಕೊಡ್ತೈತಿ. ನಮ್ಮ ರೊಕ್ಕಕ್ಕ ನೀವು 15 ಅಂತೀರಿ. ಹಂಗಾರ ಸಾಲನ ಜಾಸ್ತಿ ತೊಗೊಂಡ್ರ ಎಲ್ಲಾ ಅಗ್ಗ ಆಗ್ತೈತಲ್ರೀ?’

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದರೊಳಗೆ ಒಂದು ನಂಬಿಕೆ ಅಡಗಿದೆ. ಸಾಲ ಎಷ್ಟೇ ಇರಲಿ, ಮಾಲೀಕರ ಹಣಕ್ಕೆ ಬೇಕಾದ ಪ್ರತಿಫಲ 15%ರಲ್ಲೇ ನಿಂತಿರುತ್ತದೆ ಅನ್ನುವ ನಂಬಿಕೆ. ಅದು ನಿಲ್ಲುವುದಿಲ್ಲ. ಯಾಕೆ ಅಂತ ಸೂತ್ರಕ್ಕಿಂತ ಮೊದಲು ಅಂಕಿಗಳಲ್ಲೇ ತೋರಿಸಿದೆ.

6 ಕೋಟಿ ಸಾಲ ಅಂತಿಟ್ಟುಕೊಳ್ಳಿ. ಬಡ್ಡಿ 60 ಲಕ್ಷ. ಮಳೆ ಕೈಕೊಟ್ಟು ಆವಕ ಕುಸಿದ ವರ್ಷ 2.4 ಕೋಟಿಯ ಬದಲು 1.2 ಕೋಟಿ ಮಾತ್ರ ಬಂತು. ಸಾಲವಿಲ್ಲದಿದ್ದರೆ ತೆರಿಗೆ ಕಳೆದು 90 ಲಕ್ಷ, ಅಂದರೆ 12 ಕೋಟಿಯ ಮೇಲೆ 7.5%. ಸಾಲವಿದ್ದರೆ ಮೊದಲು ಬಡ್ಡಿ ಕಟ್ಟಬೇಕು, ಉಳಿದ 60 ಲಕ್ಷಕ್ಕೆ ತೆರಿಗೆ ಕಟ್ಟಬೇಕು. ಮಾಲೀಕರ ಕೈಗೆ 45 ಲಕ್ಷ. ಒಳ್ಳೆಯ ವರ್ಷದಲ್ಲಿ 3.6 ಕೋಟಿ ಬಂದರೆ ಸಾಲವಿಲ್ಲದ ಕಂಪನಿಗೆ 22.5%. ಸಾಲವಿರುವ ಕಂಪನಿಯ ಮಾಲೀಕರಿಗೆ 2.25 ಕೋಟಿ. ಇವರ ಪಾಲಿನ ಬೆಲೆ 7.5 ಕೋಟಿ (ಇದು ಹೇಗೆ ಅಂತ ಮುಂದೆ ಹೇಳುತ್ತೇನೆ). ಅದರ ಮೇಲೆ ಕೆಟ್ಟ ವರ್ಷ 6%, ಒಳ್ಳೆಯ ವರ್ಷ 30%. ಸಾಲವಿಲ್ಲದಾಗ ಏರಿಳಿತದ ಅಂತರ 15 ಅಂಶ. ಸಾಲ ಬಂದ ಮೇಲೆ 24. ಸುಮಾರು ಅಲ್ಲ, ಸರಿಯಾಗಿ 1.6 ಪಟ್ಟು. ಇಷ್ಟು ಕುಣಿಯುವ ಆದಾಯಕ್ಕೆ ಯಾರಾದರೂ ಹಳೆಯ 15%ಕ್ಕೇ ಒಪ್ಪುತ್ತಾರಾ? ಮಾಲೀಕರ ಹಣದ ವೆಚ್ಚ ಏರುವುದು ಇದಕ್ಕೇ. ಬ್ಯಾಂಕಿನ ಪಾಲು ಗಟ್ಟಿಯಾಗಿ ನಿಂತಿದೆ, ಹಾಗಾಗಿ ಇಡೀ ವ್ಯವಹಾರದ ಅಪಾಯ ಉಳಿದ ಸಣ್ಣ ಪಾಲಿನ ಮೇಲೆ ಬೀಳುತ್ತದೆ.

ಈಗ ಸೂತ್ರ. VU ಅಂದರೆ ಸಾಲವಿಲ್ಲದ ಕಂಪನಿಯ ಬೆಲೆ, VL ಸಾಲವಿರುವ ಕಂಪನಿಯ ಬೆಲೆ, T ತೆರಿಗೆ ದರ, D ಸಾಲ, E ಮಾಲೀಕರ ಪಾಲಿನ ಬೆಲೆ. Ru ಸಾಲವಿಲ್ಲದಾಗ ಮಾಲೀಕರು ಬಯಸುವ ಪ್ರತಿಫಲ, Re ಸಾಲವಿದ್ದಾಗ ಬಯಸುವುದು, Rd ಬಡ್ಡಿ ದರ. WACC ಅಂದರೆ ಸಾಲ ಮತ್ತು ಮಾಲೀಕರ ಹಣ ಎರಡೂ ಸೇರಿದ ಸರಾಸರಿ ವೆಚ್ಚ.

```
VL   = VU + T*D
E    = VL - D
Re   = Ru + (D/E)*(1-T)*(Ru-Rd)
WACC = (E/VL)*Re + (D/VL)*Rd*(1-T)
```

ನಾನು ಈ ನಾಲ್ಕು ಸಾಲುಗಳನ್ನು ಇದೇ ಕ್ರಮದಲ್ಲಿ ಮಾಡುತ್ತೇನೆ, ಅದಕ್ಕೊಂದು ಕಾರಣವಿದೆ. ಸರಾಸರಿ ವೆಚ್ಚ ಲೆಕ್ಕ ಹಾಕಲು ಮಾಲೀಕರ ಪಾಲಿನ ಮಾರುಕಟ್ಟೆ ಬೆಲೆ ಬೇಕು. ಆ ಬೆಲೆ ತಿಳಿಯಲು ಸರಾಸರಿ ವೆಚ್ಚ ಬೇಕು. ಎಕ್ಸೆಲ್‌ನಲ್ಲಿ ಇದನ್ನು ನೇರವಾಗಿ ಹಾಕಿದರೆ ಸುತ್ತು ಹೊಡೆಯುತ್ತದೆ. ಮೊದಲು ಕಂಪನಿಯ ಬೆಲೆ ಕಂಡುಕೊಂಡರೆ ಈ ತೊಡಕೇ ಇಲ್ಲ.

6 ಕೋಟಿ ಸಾಲಕ್ಕೆ ವರ್ಷಕ್ಕೆ 60 ಲಕ್ಷ ಬಡ್ಡಿ, ಅದರಿಂದ ಉಳಿಯುವ ತೆರಿಗೆ 15 ಲಕ್ಷ. ಸಾಲ ಶಾಶ್ವತವಾಗಿ ಇರುತ್ತದೆ ಅಂತಾದರೆ ಈ 15 ಲಕ್ಷವೂ ಪ್ರತಿ ವರ್ಷ ಬರುತ್ತದೆ. ಇದು ಬಡ್ಡಿಯಷ್ಟೇ ಖಚಿತ, ಆದ್ದರಿಂದ ಬಡ್ಡಿ ದರದಲ್ಲೇ ಭಾಗಿಸಬೇಕು. 15 ಲಕ್ಷವನ್ನು 10%ರಿಂದ ಭಾಗಿಸಿದರೆ 1.5 ಕೋಟಿ. ಇದೇ T*D. ಮೋದಿಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ಮೊದಲ ಲೇಖನ ಬರೆದರು, ತೆರಿಗೆಯ ಈ ಭಾಗವನ್ನು 1963ರಲ್ಲಿ ತಾವೇ ತಿದ್ದಿ ಬರೆದರು. ತಿದ್ದಿದ್ದು ಮುಖ್ಯವಾಗಿ ಇದನ್ನೇ. ಕಂಪನಿಯ ಬೆಲೆ ಈಗ 13.5 ಕೋಟಿ, ಬ್ಯಾಂಕಿನ 6 ಕಳೆದರೆ ಮಾಲೀಕರದ್ದು 7.5.

ಸಾಲಕ್ಕೂ ಮಾಲೀಕರ ಪಾಲಿಗೂ ಇರುವ ಅನುಪಾತ 0.8. ಅದಕ್ಕೆ 0.75, ಮತ್ತೆ 15ಕ್ಕೂ 10ಕ್ಕೂ ಇರುವ 5ರ ಅಂತರ ಗುಣಿಸಿದರೆ 3. ಮಾಲೀಕರ ಹಣದ ವೆಚ್ಚ 18%. ನೇರವಾಗಿಯೂ ನೋಡಿ: 2.4 ಕೋಟಿಯಲ್ಲಿ ಬಡ್ಡಿ 0.6 ಕಳೆದು 1.8, ತೆರಿಗೆ ಕಳೆದು 1.35 ಕೋಟಿ. 7.5ರ ಮೇಲೆ ಅದು ಸರಿಯಾಗಿ 18%. ಸರಾಸರಿ ವೆಚ್ಚ ಮಾತ್ರ 15%ರಿಂದ 13.33%ಕ್ಕೆ ಇಳಿಯಿತು. 4 ಕೋಟಿ ಸಾಲಕ್ಕೆ ಇದೇ ಲೆಕ್ಕ ಮಾಡಿದರೆ ಕಂಪನಿಯ ಬೆಲೆ 13 ಕೋಟಿ, ಮಾಲೀಕರ ವೆಚ್ಚ 16.67%, ಸರಾಸರಿ 13.85%.

ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಇದು ವಿಚಿತ್ರ ಅನ್ನಿಸಬಹುದು. ತೆರಿಗೆಯೇ ಇಲ್ಲದ ಲೋಕದಲ್ಲಿ ಮಾಲೀಕರ ವೆಚ್ಚ ಏರುವುದು ಸಾಲ ಅಗ್ಗವಾಗಿರುವುದನ್ನು ಪೂರ್ತಿ ನುಂಗಿಹಾಕುತ್ತದೆ, ಸರಾಸರಿ 15%ರಲ್ಲೇ ನಿಲ್ಲುತ್ತದೆ. ತೆರಿಗೆ ಇದ್ದಾಗ ಸರಾಸರಿ ಇಳಿಯಲು ಕಾರಣ ಸಾಲದ ದರ ಕಡಿಮೆ ಇರುವುದಲ್ಲ, ಸರ್ಕಾರಕ್ಕೆ ಹೋಗುವ ಪಾಲು ಕಡಿಮೆಯಾಗುವುದು. ಲಾಭ ಬರುವುದು ಅಲ್ಲಿಂದ ಮಾತ್ರ. ಇದು ಆ ಹಿರಿಯರಿಗೆ ತಟ್ಟನೆ ಹಿಡಿಸಿತು. ‘ಅಂದ್ರ ಉಳಿಯೂದು ಬರೇ ಟ್ಯಾಕ್ಸ್ ಅಷ್ಟ ಅನ್ರಿ’ ಅಂದರು. ಹೌದು, ಅಷ್ಟೇ.

ನನ್ನ ಮೇಜಿಗೆ ಬರುವ ಬೇರೆಯವರ ರಿಪೋರ್ಟ್‌ಗಳಲ್ಲಿ ಈ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತಲೂ ಹೇಳಬೇಕು. ಮಾಲೀಕರ ವೆಚ್ಚವನ್ನು 15%ರಲ್ಲೇ ಬಿಟ್ಟು ಸಾಲ ಮಾತ್ರ ಸೇರಿಸಿದರೆ ಸರಾಸರಿ 11.67% ಬರುತ್ತದೆ. ಆ ದರದಲ್ಲಿ 1.8 ಕೋಟಿಯ ಬೆಲೆ 15.4 ಕೋಟಿ ದಾಟುತ್ತದೆ. ತೆರಿಗೆಯಿಂದ ಬರುವುದು 1.5 ಕೋಟಿ ಮಾತ್ರ. ಮಿಕ್ಕ ಸುಮಾರು 2 ಕೋಟಿ ಗಾಳಿಯಲ್ಲಿ ಹುಟ್ಟಿದ್ದು. ಇನ್ನು ಕೆಲವರು ಸೂತ್ರದಲ್ಲಿ (1-T) ಬಿಟ್ಟುಬಿಡುತ್ತಾರೆ. ಆಗ ಮಾಲೀಕರ ವೆಚ್ಚ 19%, ಸರಾಸರಿ 13.89%, ಬೆಲೆ 12.96 ಕೋಟಿ. ಎರಡನ್ನೂ ಹಿಡಿಯಲು ಒಂದೇ ಪರೀಕ್ಷೆ ಸಾಕು: ಸಾಲವಿಲ್ಲದಂತೆ ತೆರಿಗೆ ಕಳೆದ ಲಾಭವನ್ನು ಸರಾಸರಿ ವೆಚ್ಚದಿಂದ ಭಾಗಿಸಿ. ಬಂದದ್ದು ಸಾಲ ಮತ್ತು ಮಾಲೀಕರ ಪಾಲಿನ ಮೊತ್ತಕ್ಕೆ, ಇಲ್ಲಿ 13.5ಕ್ಕೆ, ಸರಿಹೊಂದಬೇಕು. ಹೊಂದದಿದ್ದರೆ ಎಲ್ಲೋ ಕೈತಪ್ಪಿದೆ.

ಪುಸ್ತಕದ ಬೆಲೆಯದ್ದು ಇನ್ನೊಂದು ಬಲೆ. ಮಾಲೀಕರು ಜೇಬಿನಿಂದ ಹಾಕಿದ್ದು 6 ಕೋಟಿ, ಲಾಭ 1.35 ಕೋಟಿ. ಬ್ಯಾಲೆನ್ಸ್ ಶೀಟ್ ನೋಡಿದರೆ 22.5% ಪ್ರತಿಫಲ! ಇದನ್ನು ಸಾಲದ ಹೊಣೆಗಾರಿಕೆ ಇಲ್ಲದ 15%ರ ಪಕ್ಕ ಇಟ್ಟು ಖುಷಿಪಡುವುದು ಸರಿಯಲ್ಲ. ಅಪಾಯ ಏರಿದ್ದರಿಂದಲೇ 18% ಬೇಕಾಗಿದೆ. 6 ಕೋಟಿ ಹಾಕಿ 7.5 ಕೋಟಿ ಬೆಲೆಯ ಪಾಲು ಪಡೆದದ್ದಷ್ಟೇ ನಿಜವಾದ ಲಾಭ.

ಹಾಗಾದರೆ 9 ಕೋಟಿ ಸಾಲ ಮಾಡಿದರೆ ಇನ್ನೂ ಒಳ್ಳೆಯದಾ? ಸೂತ್ರ ಹೌದು ಅನ್ನುತ್ತದೆ. ಬ್ಯಾಂಕು ಬಡ್ಡಿಯನ್ನು 12%ಕ್ಕೆ ಏರಿಸಿದರೂ ಸರಾಸರಿ ವೆಚ್ಚ 12.63%ಕ್ಕೆ ಇಳಿಯುತ್ತದೆ. ಆದರೆ ಕೆಟ್ಟ ವರ್ಷ ಬಂದ 1.2 ಕೋಟಿಯಲ್ಲಿ 1.08 ಕೋಟಿ ಬಡ್ಡಿಗೇ ಹೋಗುತ್ತದೆ. ಉಳಿದ 12 ಲಕ್ಷದಲ್ಲಿ ಅಸಲಿನ ಕಂತು ಹೇಗೆ ಕಟ್ಟುತ್ತೀರಿ? ಕಂತು ತಪ್ಪಿದಾಗ ಆಗುವ ನಷ್ಟಕ್ಕೆ ಈ ಸೂತ್ರದಲ್ಲಿ ಜಾಗವೇ ಇಲ್ಲ. ಲಾಭವೇ ಇಲ್ಲದ ವರ್ಷ ಬಡ್ಡಿಯಿಂದ ತೆರಿಗೆ ಉಳಿಯುವುದೂ ಮುಂದಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಮಿತಿ ನಮ್ಮ ಊರಿನ ಸಾಲದ ರೀತಿಯದ್ದು. ಸೂತ್ರದ ಸಾಲ ಎಂದೂ ತೀರುವುದಿಲ್ಲ. ಬ್ಯಾಂಕಿನ ಟರ್ಮ್ ಲೋನ್ ತೀರುತ್ತದೆ. 6 ಕೋಟಿಯನ್ನು 6 ವರ್ಷ ಸಮನಾದ ಕಂತಿನಲ್ಲಿ ಕಟ್ಟಿದರೆ ಮೊದಲ ವರ್ಷ ಉಳಿಯುವ ತೆರಿಗೆ 15 ಲಕ್ಷ, ನಂತರ 12.5, ಹೀಗೆ ಇಳಿಯುತ್ತಾ ಕೊನೆಯ ವರ್ಷ 2.5 ಲಕ್ಷ. ಎಲ್ಲವನ್ನೂ 10%ರಲ್ಲಿ ಇಂದಿನ ಬೆಲೆಗೆ ತಂದರೆ ಸುಮಾರು 41 ಲಕ್ಷ. ಎಲ್ಲಿಯ 1.5 ಕೋಟಿ, ಎಲ್ಲಿಯ 41 ಲಕ್ಷ!

ಇದನ್ನು ನೋಡಿದ ಮೇಲೆ ಪಾಲುದಾರರು 4 ಕೋಟಿಯ ಟರ್ಮ್ ಲೋನ್ ಸಾಕು ಅಂದರು, 8 ಕೋಟಿ ಕೈಯಿಂದ ಹಾಕಿದರು. ಕಂತು ಕಟ್ಟಿದಂತೆಲ್ಲ ಸಾಲದ ಪಾಲು ಬದಲಾಗುತ್ತದೆ, ಅದರ ಜೊತೆ ಮಾಲೀಕರ ವೆಚ್ಚವೂ ಸರಾಸರಿ ವೆಚ್ಚವೂ ಪ್ರತಿ ವರ್ಷ ಬದಲಾಗುತ್ತವೆ. ಹಾಗಾಗಿ ಅಂತಿಮ ರಿಪೋರ್ಟ್‌ನಲ್ಲಿ ಒಂದೇ ಸರಾಸರಿ ದರವನ್ನು ಎಲ್ಲ ವರ್ಷಕ್ಕೂ ಹಚ್ಚಲಿಲ್ಲ. ವ್ಯವಹಾರವನ್ನು ಸಾಲವಿಲ್ಲದಂತೆ 15%ರಲ್ಲಿ ಬೆಲೆಕಟ್ಟಿ 12 ಕೋಟಿ ಬರೆದೆ. ಅದೇ 6 ವರ್ಷದ ಕಂತಿನ ಲೆಕ್ಕದಲ್ಲಿ 4 ಕೋಟಿಗೆ ಉಳಿಯುವ ತೆರಿಗೆ 27 ಲಕ್ಷ, ಅದನ್ನು ಕೆಳಗೆ ಪ್ರತ್ಯೇಕ ಸಾಲಿನಲ್ಲಿ ತೋರಿಸಿ ಕೂಡಿಸಿದೆ.