ಬಿಡುವಿಲ್ಲದ ಸರ್ ಹತ್ತಿರ ರೆಫರೆನ್ಸ್ ಲೆಟರ್ ಕೇಳಿದ್ದು: ನಾಲ್ಕನೇ ಸಲ ಕೆಲಸ ಆಯಿತು

ಹೋದ ವಾರ ನನ್ನ ಎಂಎಸ್ಸಿ ಪ್ರಾಜೆಕ್ಟಿನ ಸರ್ ಬರೆದ ರೆಫರೆನ್ಸ್ ಲೆಟರ್ ನನ್ನ ಪಿಎಚ್‌ಡಿ ಅರ್ಜಿಯ ಪೋರ್ಟಲ್‌ಗೆ ಸೇರಿತು. ಕೊನೆಯ ದಿನಕ್ಕೆ ಇನ್ನೂ ಎಂಟೊಂಬತ್ತು ದಿನ ಇತ್ತು. ಕಲಬುರಗಿಯ ನಮ್ಮ ರೂಮಿನಲ್ಲಿ ಯಾರೂ ಇದನ್ನು ನಂಬಿರಲಿಲ್ಲ. "ಅಷ್ಟು ದೊಡ್ಡ ಮನುಷ್ಯಾರಿಗೆ ಬರೆದು ಕೇಳಿದ್ರ ಆಗ್ತದೇನೋ, ಚೇಂಬರ್ ಮುಂದ ಹೋಗಿ ನಿಂದರಬೇಕು" ಅಂತಲೇ ಎಲ್ಲರ ಮಾತು. ನಾನು ನಿಂತೂ ನೋಡಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಮಾಡಿದ್ದು ನಿಮ್ಮಲ್ಲಿ ಸುಮಾರು ಜನ ಮಾಡಿರುವುದೇ. ಕೊನೆಯ ದಿನಕ್ಕೆ ಮೂರು ದಿನ ಇರುವಾಗ ವಾಟ್ಸಾಪ್‌ನಲ್ಲಿ "ಸರ್, ಅರ್ಜೆಂಟ್ ಎಲ್‌ಒಆರ್ ಬೇಕಾಗಿತ್ತು" ಎಂದು ಹಾಕಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಅವರಿಗೆ ನಾನು ಯಾರು ಅನ್ನುವುದೇ ಗೊತ್ತಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ವರ್ಷಕ್ಕೆ ಎಷ್ಟು ಹುಡುಗರು ಬಂದು ಹೋಗುತ್ತಾರೆ, ಬರೀ ಹೆಸರಿನಿಂದ ಹೇಗೆ ನೆನಪಾಗಬೇಕು?

ಎರಡನೇ ಸಲ ಒಂದು ಮಿಠಾಯಿ ಡಬ್ಬಿ ಹಿಡಿದುಕೊಂಡು ಆಳಂದದಿಂದ ಬಸ್ಸಿಗೆ ಬಂದೆ. ಒಂದಲ್ಲ, ಮೂರು ದಿನ. ಒಂದು ದಿನ ಮೀಟಿಂಗ್, ಒಂದು ದಿನ ಪರೀಕ್ಷೆ ಕೆಲಸ, ಮೂರನೇ ದಿನ ಸಿಕ್ಕರು, ಆದರೆ ಡಬ್ಬಿ ನೋಡಿ ಮುಖ ಗಂಟು ಹಾಕಿಕೊಂಡರು. ಬಸ್ಸು, ಊಟ, ಮಿಠಾಯಿ ಎಲ್ಲ ಸೇರಿ ಸಾವಿರದ ಹತ್ತಿರ ಹೋಯಿತು. ಕೆಲಸ ಆಗುವ ಮೊದಲು ಏನು ಕೊಟ್ಟರೂ ಅದು ಬೇರೆ ಅರ್ಥ ಕೊಡುತ್ತದೆ.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಒಂದು ವಿದೇಶಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಕೇಳದೆಯೇ ಸರ್ ಇಮೇಲ್ ತುಂಬಿಬಿಟ್ಟೆ, ಆಮೇಲೆ ಹೇಳಿದರಾಯಿತು ಅಂತ. ಇಮೇಲ್ ತುಂಬಿ ಒತ್ತಿದ ತಕ್ಷಣ ಪೋರ್ಟಲ್ ತಾನೇ ಅವರಿಗೆ ಲಿಂಕ್ ಕಳಿಸುತ್ತದೆ. ಅದು ಸ್ಪ್ಯಾಮ್‌ಗೆ ಹೋಗಿ ಬಿತ್ತು. ಅವರು ನೋಡಲಿಲ್ಲ, ನಾನೂ ಕೇಳಲಿಲ್ಲ, ಅರ್ಜಿ ಅಪೂರ್ಣ ಅಂತ ಬಿದ್ದುಹೋಯಿತು. ಅರ್ಜಿ ಶುಲ್ಕ ಆರು ಸಾವಿರದಷ್ಟು, ವಾಪಸ್ ಇಲ್ಲ. ಅದು ಅಪ್ಪ ತೊಗರಿ ಮಾರಿ ಕೊಟ್ಟ ದುಡ್ಡು. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ನಾಲ್ಕನೇ ಸಲ ಕೆಲಸವನ್ನು ಎರಡು ತುಂಡು ಮಾಡಿದೆ. ಮೊದಲ ಪತ್ರದಲ್ಲಿ ಬರೀ "ಆಗುತ್ತದೆಯೇ" ಎಂದು ಕೇಳುವುದು. ಹೂಂ ಅಂದ ಮೇಲೆ ಮಾತ್ರ ಎರಡನೇ ಹಾಳೆ. ಒಂದೇ ಪತ್ರದಲ್ಲಿ ಬಯೋಡೇಟಾ, ಅಂಕಪಟ್ಟಿ, ನಾಲ್ಕು ಲಿಂಕ್ ಎಲ್ಲ ತುರುಕಿದರೆ ಓದುವವರು "ರಾತ್ರಿ ನೋಡೋಣ" ಅಂತ ಎತ್ತಿಡುತ್ತಾರೆ, ಆ ರಾತ್ರಿ ಬರುವುದೇ ಇಲ್ಲ. ಕೊನೆಯ ದಿನಕ್ಕೆ ಐದು ವಾರ ಇರುವಾಗ ಕಳಿಸಿದ ಪತ್ರ ಇದು:

"ಸರ್, ನಮಸ್ಕಾರ. ನಾನು ತಮ್ಮ ಕೈಕೆಳಗೆ ಎಂಎಸ್ಸಿ ಪ್ರಾಜೆಕ್ಟ್ ಮಾಡಿದವನು, ಆಳಂದ ಕಡೆಯ ಹೊಲಗಳಲ್ಲಿ ತೊಗರಿ ನೆಟೆ ರೋಗದ ಗಿಡ ಎಣಿಸಿದ್ದೆ. ಈಗ ಸಸ್ಯರೋಗ ವಿಷಯದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಹೊಲದ ಕೆಲಸವನ್ನು ಕಣ್ಣಾರೆ ನೋಡಿದವರು ತಾವು. ಅದರ ಬಗ್ಗೆ ಒಂದು ರೆಫರೆನ್ಸ್ ಲೆಟರ್ ಬರೆದುಕೊಡಲು ತಮಗೆ ಆಗುತ್ತದೆಯೇ? ಒಂದು ಪುಟ ಸಾಕು, ಡಿಸೆಂಬರ್ 15ರೊಳಗೆ ಸೇರಬೇಕು. ತಾವು ಹೂಂ ಅಂದರೆ ವಿವರವೆಲ್ಲ ಒಂದೇ ಹಾಳೆಯಲ್ಲಿ ಅಂದೇ ಕಳಿಸುತ್ತೇನೆ. ಈಗ ಬಿಡುವಿಲ್ಲದಿದ್ದರೆ 'ಆಗೋದಿಲ್ಲ' ಎಂದು ಒಂದು ಮಾತು ತಿಳಿಸಿದರೂ ಸಾಕು ಸರ್, ಬೇರೆಯವರನ್ನು ಕೇಳಲು ನನಗೆ ಇನ್ನೂ ಸಮಯವಿದೆ. ತಮ್ಮ ವಿದ್ಯಾರ್ಥಿ."

ಇಷ್ಟೇ. ಮೊದಲ ಸಾಲಿನಲ್ಲಿ ನಾನು ಯಾರು ಅನ್ನುವುದು ಕೆಲಸದ ಮೂಲಕ ಗೊತ್ತಾಗುತ್ತದೆ, ರೋಲ್ ನಂಬರ್ ಮೂಲಕ ಅಲ್ಲ. ಹೊಗಳಿಕೆ ಇಲ್ಲ. "ತಮ್ಮಂಥ ಮಹಾನ್ ಗುರುಗಳು" ಅಂತ ನಾನು ಮೊದಲು ಎರಡು ಸಾಲು ಬರೆದಿದ್ದೆ, ತೆಗೆದುಹಾಕಿದೆ. ಗೌರವ "ತಾವು" ಅನ್ನುವುದರಲ್ಲೇ ಇದೆ, ಅವರ ಸಮಯ ಉಳಿಸುವುದರಲ್ಲಿ ಇನ್ನೂ ಜಾಸ್ತಿ ಇದೆ.

ರೂಮಿನವರು ಜಗಳ ತೆಗೆದದ್ದು "ಆಗೋದಿಲ್ಲ" ಅನ್ನುವ ಸಾಲಿಗೆ. "ನೀನ ದಾರಿ ತೋರಿಸ್ತೀಯಲ್ಲೋ" ಅಂದರು. ನಾನು ಬಿಡಲಿಲ್ಲ. ಮನಸ್ಸಿಲ್ಲದೆ ಹೂಂ ಅಂದವರು ಕೊನೆಗೆ "ಈ ವಿದ್ಯಾರ್ಥಿ ತರಗತಿಗೆ ಬರುತ್ತಿದ್ದ, ನಡತೆ ಒಳ್ಳೆಯದು" ಅಂತ ಬರೆಯುತ್ತಾರೆ, ಅಂಥ ಲೆಟರ್‌ನಿಂದ ಉಪಯೋಗವಿಲ್ಲ. ಬೇಡ ಅನ್ನಲು ದಾರಿ ಇದ್ದರೆ ಹೂಂ ಅಂದದ್ದು ನಿಜವಾದ ಹೂಂ ಆಗಿರುತ್ತದೆ. ಮತ್ತೆ ಆ ಸಾಲು ಸುಮ್ನೆ ಬಾಯಿಮಾತಾಗಿರಬಾರದು. ಇನ್ನೊಬ್ಬರನ್ನು ಕೇಳಲು ನಿಜವಾಗಿಯೂ ಸಮಯ ಉಳಿದಿರಬೇಕು. ಐದು ವಾರ ಮೊದಲೇ ಕೇಳಿದ್ದು ಅದಕ್ಕೇ.

ಮರುದಿನ ಬೆಳಿಗ್ಗೆ ಉತ್ತರ ಬಂತು: "ಆಯ್ತು. ನೀನ ಬರಕೊಂಡು ಬಾ, ಸಹಿ ಮಾಡ್ತೀನಿ."

ಇಲ್ಲಿ ಹುಷಾರಾಗಿರಬೇಕು. ನನ್ನ ಗೆಳೆಯನೊಬ್ಬ ಇಬ್ಬರು ಮೇಷ್ಟ್ರ ಲೆಟರ್‌ಗಳನ್ನೂ ತಾನೇ ಬರೆದಿದ್ದ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ಒಬ್ಬನೇ ಬರೆದದ್ದು ಅಂತ ಮಗುವಿಗೂ ಗೊತ್ತಾಗುತ್ತಿತ್ತು. ನಾನು ಲೆಟರ್ ಬರೆಯಲಿಲ್ಲ. "ಸರ್, ತಮ್ಮ ಮಾತಿನಲ್ಲೇ ಇದ್ದರೆ ತೂಕ ಜಾಸ್ತಿ. ನೆನಪಿಗೆ ಬೇಕಾದದ್ದೆಲ್ಲ ಹಾಳೆಯಲ್ಲಿ ಇದೆ" ಎಂದು ಬರೆದು ಆ ಎರಡನೇ ಹಾಳೆ ಕಳಿಸಿದೆ.

ಆ ಹಾಳೆಯಲ್ಲಿ ಮೇಲೆ ಕೋರ್ಸಿನ ಹೆಸರು, ಕೊನೆಯ ದಿನ, ಲಿಂಕ್ ಯಾವ ವಿಳಾಸದಿಂದ ಬರುತ್ತದೆ ಅನ್ನುವುದು, ಸ್ಪ್ಯಾಮ್ ಒಮ್ಮೆ ನೋಡಬೇಕು ಅನ್ನುವ ವಿನಂತಿ. ಜೊತೆಗೆ ಕಾಲೇಜಿನ ಇಮೇಲ್ ಕೊಡಲು ಕೇಳಿದೆ, ಯಾಕೆಂದರೆ ಕೆಲವು ಕಡೆ ಜಿಮೇಲ್ ವಿಳಾಸ ಒಪ್ಪುವುದಿಲ್ಲ. ಲೆಟರ್ ನೋಡುವ ಹಕ್ಕು ಬಿಡುತ್ತೇನೆ ಅಂತ ಪೋರ್ಟಲ್‌ನಲ್ಲಿ ಗುರುತು ಹಾಕಿದ್ದೇನೆ ಅಂತಲೂ ತಿಳಿಸಿದೆ. ಹಾಗಿದ್ದರೆ ಬರೆಯುವವರ ಕೈ ಬಿಚ್ಚಿಕೊಳ್ಳುತ್ತದೆ.

ಅದರ ಕೆಳಗೆ ಮೂರೇ ಸಂಗತಿ, ಮೂರೂ ಅವರು ಸ್ವತಃ ನೋಡಿದವು. ಅಂಕಗಳನ್ನು ಬರೆಯಲಿಲ್ಲ, ಅಂಕಪಟ್ಟಿ ಬೇರೆ ಹೋಗುತ್ತದೆ ಅಲ್ವಾ. ಒಂದು ಸಂಗತಿ ನನ್ನ ತಪ್ಪಿನದೇ. ಒಣಗಿದ ಗಿಡಗಳನ್ನೆಲ್ಲ ನಾನು ನೆಟೆ ರೋಗ ಅಂತ ಎಣಿಸಿದ್ದೆ. ಸರ್ ಹೊಲಕ್ಕೆ ಬಂದು ಕಾಂಡ ಸೀಳಿ ತೋರಿಸಿದರು. ನೆಟೆ ಆಗಿದ್ದರೆ ಒಳಗೆ ಕಂದು-ಕಪ್ಪು ಗೆರೆ ಓಡಿರುತ್ತದೆ, ಕೆಲವು ಗಿಡದಲ್ಲಿ ಆ ಗೆರೆ ಇರಲೇ ಇಲ್ಲ, ಅವು ಬೇರು ಕೊಳೆತು ಸತ್ತವು. ಆರು ತಾಕುಗಳನ್ನೂ ಮತ್ತೆ ಮೊದಲಿನಿಂದ, ಒಂದೊಂದು ಕಾಂಡ ಸೀಳಿ ಎಣಿಸಿದೆ, ಹತ್ತು ದಿನ ಹಿಡಿಯಿತು. ತಪ್ಪನ್ನು ಯಾಕೆ ಬರೆಯುತ್ತೀಯ ಅಂತ ಎಲ್ಲರೂ ಬೈದರು. ಆದರೆ ಸರ್‌ಗೆ ನೆನಪಿದ್ದದ್ದು ಅದೇ. ಫೋನ್ ಮಾಡಿ ಹೇಳಿದರು, "ಆ ಎಣಿಕಿ ಮತ್ತ ಮಾಡಿದ್ದು ಬರದೀನಿ ತಮ್ಮಾ. ಬರೀಲಿಕ್ಕೆ ಅರ್ಧ ತಾಸೂ ಹತ್ತಲಿಲ್ಲ."

ನಡುವೆ ಒಂದು ಪ್ರಯೋಗ ಮಾಡಿದೆ. ಲೆಟರ್ ಕೇಳಬೇಕಿದ್ದ ಉಳಿದ ಇಬ್ಬರಲ್ಲಿ ಒಬ್ಬ ಮೇಡಂಗೆ ಇದೇ ಪತ್ರವನ್ನು ಇಂಗ್ಲಿಷ್‌ನಲ್ಲಿ ಕಳಿಸಿದೆ, ಇನ್ನೊಬ್ಬರಿಗೆ ಧ್ವನಿ ಸಂದೇಶ. ಇಂಗ್ಲಿಷ್ ಪತ್ರಕ್ಕೆ ಐದಾರು ದಿನಕ್ಕೆ ಹೂಂ ಬಂತು. ಧ್ವನಿ ಸಂದೇಶ ಕೆಲಸ ಮಾಡಲಿಲ್ಲ, ಅದರಲ್ಲಿ ತಾರೀಖು ಹುಡುಕಲು ಮತ್ತೆ ಪೂರ್ತಿ ಕೇಳಬೇಕು. ಅವರಿಗೂ ಕೊನೆಗೆ ಬರೆದೇ ಕಳಿಸಿದೆ.

ಸರ್‌ಗೆ ನೆನಪಿಸಿದ್ದು ಒಂದೇ ಸಲ, ಕೊನೆಯ ದಿನಕ್ಕೆ ಎರಡು ವಾರ ಇರುವಾಗ, ಹಳೆಯ ಪತ್ರದ ಕೆಳಗೇ, ಅವರು ಏನನ್ನೂ ಹುಡುಕಬೇಕಾಗದ ಹಾಗೆ. ವಾರದ ಯಾವ ದಿನ, ಎಷ್ಟು ಹೊತ್ತಿಗೆ ಕಳಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಇನ್ನೂ ಎರಡು ಅರ್ಜಿ ಬಾಕಿ ಇವೆ.

ಈ ನಾಲ್ಕನೇ ಸಲದ ಒಟ್ಟು ಖರ್ಚು ಹಾಳೆಯ ಪ್ರಿಂಟ್‌ಗೆ ಹತ್ತೋ ಇಪ್ಪತ್ತೋ ರೂಪಾಯಿ. ಲೆಟರ್ ಸೇರಿದ ದಿನ ಸರ್‌ಗೆ ಎರಡು ಸಾಲು ಬರೆದು ತಿಳಿಸಿದೆ. ಜನವರಿಯಲ್ಲಿ ನಮ್ಮ ತೊಗರಿ ರಾಶಿ ಆಗುತ್ತದೆ, ಆಗ ಐದು ಕಿಲೋ ಬೇಳೆ ಮಾಡಿಸಿಕೊಂಡು ಅವರ ಮನೆಗೆ ಹೋಗುತ್ತೇನೆ.