ಕುಂಡದ ಮಣ್ಣಿನಲ್ಲಿ ಇರುವೆ ಗೂಡು, ಚಿಗುರಿನಲ್ಲಿ ಹೇನು: ದಾಸವಾಳದಲ್ಲಿ ನಾನು ಬಿಡಿಸಿದ ರೀತಿ

ಸಸ್ಯಹೇನುಗಳಿಗೆ ಸೋಪಿನ ನೀರು ಹೊಡೆದರೆ ಅವು ಸಾಯುತ್ತವೆ. ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ಕುಂಡದ ಮಣ್ಣಿನೊಳಗೆ ಇರುವೆಗಳು ಗೂಡು ಮಾಡಿದ್ದರೆ, ಸ್ವಲ್ಪ ದಿನದಲ್ಲೇ ಅದೇ ಚಿಗುರಿನಲ್ಲಿ ಹೇನು ಮತ್ತೆ ತುಂಬಿಕೊಳ್ಳುತ್ತವೆ. ಕುಂಡದಲ್ಲಿದ್ದ ನನ್ನ ದಾಸವಾಳದಲ್ಲಿ ಆಗಿದ್ದು ಇದೇ. ಎರಡನ್ನೂ ಒಟ್ಟಿಗೆ, ಒಂದು ಕ್ರಮದಲ್ಲಿ ಹಿಡಿದಾಗ ಮಾತ್ರ ಗಿಡ ಸುಧಾರಿಸಿತು. ಆ ಕ್ರಮ ಯಾಕೆ ಮುಖ್ಯ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಎರಡರ ನಂಟು. ಹೇನು ತನ್ನ ಸೂಜಿಯಂಥ ಬಾಯಿಯನ್ನು ಎಳೆಯ ಕಾಂಡಕ್ಕೆ ಚುಚ್ಚಿ ರಸ ಹೀರುತ್ತದೆ. ಆ ರಸದಲ್ಲಿ ಸಕ್ಕರೆ ಜಾಸ್ತಿ, ಹೇನಿನ ಬೆಳವಣಿಗೆಗೆ ಬೇಕಾದ ಸಾರಜನಕ ಕಡಿಮೆ. ಹಾಗಾಗಿ ಅದು ತುಂಬಾ ರಸ ಕುಡಿದು, ಹೆಚ್ಚಾದ ಸಕ್ಕರೆಯನ್ನು ಹಿಂಬದಿಯಿಂದ ಸಿಹಿ ಹನಿಯಾಗಿ ಹೊರಹಾಕುತ್ತದೆ. ಇರುವೆ ಬಂದು ತನ್ನ ಮೀಸೆಯಿಂದ ಹೇನಿನ ಬೆನ್ನು ಸವರುತ್ತದೆ, ಹೇನು ಹನಿ ಬಿಡುತ್ತದೆ, ಇರುವೆ ಕುಡಿಯುತ್ತದೆ. ಹಾಲಿಗಾಗಿ ದನ ಸಾಕಿದ ಹಾಗೆಯೇ ಇದು. ಬದಲಿಗೆ ಇರುವೆಗಳು ಕಾವಲು ಕೊಡುತ್ತವೆ. ಹೇನು ತಿನ್ನುವ ಗುಲಗಂಜಿ ಹುಳು ಹತ್ತಿರ ಬಂದರೆ ಕಚ್ಚಿ ಓಡಿಸುತ್ತವೆ. ಕೆಲವು ಜಾತಿಯ ಇರುವೆಗಳು ಹೇನುಗಳನ್ನು ಬಾಯಲ್ಲಿ ಎತ್ತಿಕೊಂಡು ಹೊಸ ಚಿಗುರಿಗೆ ಸಾಗಿಸುವುದೂ ಉಂಟು.

ನನ್ನ ಗಿಡದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಹೇನಲ್ಲ, ಕೆಳಗಿನ ಎಲೆಗಳ ಅಂಟು. ಆ ಅಂಟಿನ ಮೇಲೆ ಬಿಳಿ ಸಿಪ್ಪೆಗಳು ಉದುರಿದ್ದವು. ಧೂಳಿನ ಹಾಗೆ ಕಾಣುತ್ತವೆ, ಆದರೆ ಅವು ಹೇನು ಬೆಳೆಯುವಾಗ ಕಳಚಿದ ಪೊರೆ. ತಲೆ ಎತ್ತಿ ನೋಡಿದರೆ ಮೊಗ್ಗಿನ ತೊಟ್ಟಿನ ಸುತ್ತ ಹಸಿರು ಹೇನುಗಳ ಗುಂಪು. ಕಾಂಡದ ಮೇಲೆ ಇರುವೆ ಸಾಲು. ಸಾಲನ್ನು ಸ್ವಲ್ಪ ಹೊತ್ತು ಕೂತು ನೋಡಬೇಕು. ಮೇಲೆ ಹೋಗುವ ಇರುವೆಯ ಹೊಟ್ಟೆ ಸಪೂರ ಇರುತ್ತದೆ, ಇಳಿಯುವ ಇರುವೆಯ ಹೊಟ್ಟೆ ಉಬ್ಬಿ, ಬೆಳಕಿಗೆ ಸ್ವಲ್ಪ ಪಾರದರ್ಶಕವಾಗಿ ಹೊಳೆಯುತ್ತದೆ. ಅದು ಕಂಡರೆ ಇರುವೆಗಳು ಅಲ್ಲಿ ಸುಮ್ನೆ ಓಡಾಡುತ್ತಿಲ್ಲ, ಸಿಹಿ ಸಾಗಿಸುತ್ತಿವೆ ಎಂದು ಖಚಿತ.

ಮುಂದಿನ ಪ್ರಶ್ನೆ, ಗೂಡು ಇದೇ ಕುಂಡದಲ್ಲಿದೆಯಾ ಅಥವಾ ಬೇರೆಲ್ಲೋ ಇದ್ದು ಇರುವೆಗಳು ಇಲ್ಲಿಗೆ ಬಂದು ಹೋಗುತ್ತಿವೆಯಾ? ನಾನು ಒಂದು ಕಡ್ಡಿಯನ್ನು ಕುಂಡದ ಅಂಚಿನ ಮಣ್ಣಿಗೆ ಬೆರಳುದ್ದ ಚುಚ್ಚಿ ಅಲ್ಲಾಡಿಸಿದೆ. ಇರುವೆಗಳು ಬಿಳಿ ಮೊಟ್ಟೆ, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ಓಡಿಬಂದವು. ಹಾಗಾದರೆ ಗೂಡು ಅಲ್ಲೇ. ತಳದ ತೂತಿನ ಬಳಿ ಪುಡಿಪುಡಿ ಮಣ್ಣಿನ ಗುಡ್ಡೆ ಇದ್ದದ್ದೂ ಅದನ್ನೇ ಹೇಳುತ್ತಿತ್ತು. ಬರೀ ಓಡಾಟ ಇದ್ದು ಮರಿ ಕಾಣದಿದ್ದರೆ ಗೂಡು ಹೆಚ್ಚಾಗಿ ನೆಲದ ಬಿರುಕಿನಲ್ಲೋ ಪಕ್ಕದ ಕುಂಡದಲ್ಲೋ ಇರುತ್ತದೆ. ಆಗ ಈ ಕುಂಡವನ್ನು ಎಷ್ಟು ನೆನೆಸಿದರೂ ಉಪಯೋಗವಿಲ್ಲ.

ಇರುವೆಗಳು ಕುಂಡ ಸೇರುವುದಕ್ಕೆ ಮುಖ್ಯ ಕಾರಣ ಒಣ ಮಣ್ಣು. ಮೇಲ್ಮೈ ಒದ್ದೆಯಾಗಿ ಕಂಡರೂ ನಡುವಿನ ಮಣ್ಣು ಒಣಗಿರಬಹುದು. ತೆಂಗಿನ ನಾರಿನ ಪುಡಿ ಸೇರಿಸಿದ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಸುಲಭವಾಗಿ ಹೀರುವುದಿಲ್ಲ. ಹಾಕಿದ ನೀರು ಅಂಚಿನಿಂದ ಜಾರಿ ಕೆಳಗೆ ಬರುತ್ತದೆ. ಇರುವೆ ಸುರಂಗ ತೋಡಿದ ಮೇಲಂತೂ ನೀರು ಆ ದಾರಿಯಲ್ಲೇ ಸುರಿದು ಹೋಗುತ್ತದೆ, ಬೇರು ಬಾಯಾರಿಯೇ ಇರುತ್ತದೆ. ನೀರು ಹಾಕಿದ ತಕ್ಷಣ ತಳದಿಂದ ಸುರಿಯುತ್ತಿದ್ದರೆ ಇದನ್ನು ಅನುಮಾನಿಸಿ.

ಈಗ ಕ್ರಮಕ್ಕೆ ಬರುತ್ತೇನೆ. ಎಲ್ಲರಿಗೂ ಮೊದಲು ಹೊಳೆಯುವುದು ಕುಂಡವನ್ನು ನೀರಿನಲ್ಲಿ ಮುಳುಗಿಸುವುದು. ಗೂಡು ಚುರುಕಾಗಿ ಇರುವಾಗ ಅದನ್ನೇ ಮಾಡಿದರೆ ಇರುವೆಗಳು ರಾಣಿಯ ಜೊತೆಗೆ ಪಕ್ಕದ ಕುಂಡಕ್ಕೆ ಗುಳೆ ಹೋಗುತ್ತವೆ. ಇರುವೆ ಪುಡಿ ಉದುರಿಸಿದರೆ ಹೊರಗೆ ಓಡಾಡುವ ಕೆಲಸಗಾರ ಇರುವೆಗಳಷ್ಟೇ ಸಾಯುತ್ತವೆ, ರಾಣಿ ಒಳಗೆ ಮೊಟ್ಟೆ ಇಡುತ್ತಲೇ ಇರುತ್ತದೆ. ರಾಣಿಗೆ ಮುಟ್ಟಬೇಕಾದರೆ ವಿಷ ಬೆರೆಸಿದ ಸಿಹಿ ಆಮಿಷವೇ ಸರಿ, ಯಾಕೆಂದರೆ ಇರುವೆಗಳು ಕುಡಿದದ್ದನ್ನು ಬಾಯಿಂದ ಬಾಯಿಗೆ ಗೂಡಿನವರಿಗೆಲ್ಲ ಹಂಚುತ್ತವೆ. ಆದರೆ ಆಮಿಷಕ್ಕೂ ಒಂದು ತೊಡಕಿದೆ. ಮೇಲೆ ಚಿಗುರಿನಲ್ಲಿ ತಾಜಾ ಸಿಹಿ ಸಿಗುತ್ತಿರುವಾಗ ಕೆಳಗಿನ ಸಕ್ಕರೆ ನೀರಿಗೆ ಅವು ಅಷ್ಟಾಗಿ ಬರುವುದಿಲ್ಲ. ಹಾಗಾಗಿ ನಾನು ಮೊದಲು ಮಾಡಿದ್ದು ಮೇಲಿನ ಸಿಹಿಯನ್ನು ನಿಲ್ಲಿಸುವ ಕೆಲಸ.

ದಾಸವಾಳದ ಬುಡದ ಕಾಂಡ ಗಟ್ಟಿ, ಒಂದೇ ಇತ್ತು. ಮಣ್ಣಿನಿಂದ ಒಂದು ಗೇಣು ಮೇಲೆ, ತೊಗಟೆಯ ಸಂದು ಮುಚ್ಚುವಂತೆ ತೆಳುವಾಗಿ ಹತ್ತಿ ಸುತ್ತಿದೆ. ಹತ್ತಿ ಇಲ್ಲದಿದ್ದರೆ ಇರುವೆಗಳು ಟೇಪಿನ ಅಡಿಯಿಂದಲೇ ನುಸುಳುತ್ತವೆ. ಅದರ ಮೇಲೆ ಸುಮಾರು ಎರಡು ಇಂಚು ಅಗಲ ಟೇಪು ಸುತ್ತಿ, ಟೇಪಿನ ಮೇಲೆ ಹುಳು ಹಿಡಿಯುವ ಅಂಟು ಸವರಿದೆ. ಅಂಟನ್ನು ಎಂದೂ ನೇರವಾಗಿ ತೊಗಟೆಗೆ ಹಚ್ಚಬಾರದು, ತೊಗಟೆ ಹಾಳಾಗುತ್ತದೆ. ಆಸರೆಗೆ ನೆಟ್ಟ ಕೋಲಿಗೂ ಹೀಗೇ ಸುತ್ತಬೇಕು. ಗೋಡೆಗೆ, ಪಕ್ಕದ ಗಿಡಕ್ಕೆ ತಾಗುವ ಕೊಂಬೆಗಳನ್ನು ಕತ್ತರಿಸಬೇಕು. ಒಂದೇ ಒಂದು ಎಲೆ ತಾಗಿದರೂ ಅದು ಸೇತುವೆಯೇ. ದೂಳು ಅಥವಾ ಸತ್ತ ಇರುವೆಗಳು ಅಂಟಿನ ಮೇಲೆ ಕೂತರೆ ಅದೂ ಸೇತುವೆಯಾಗುತ್ತದೆ, ಹಾಗಾಗಿ ಮಧ್ಯೆ ಮಧ್ಯೆ ನೋಡಿ ಹೊಸದು ಹಚ್ಚಿದೆ.

ಅದೇ ಸಂಜೆ ಹೇನು ತೆಗೆದೆ. ತೀರಾ ಮುರುಟಿದ ತುದಿಗಳನ್ನು ಚಿವುಟಿ, ಮುಚ್ಚಿದ ಚೀಲದಲ್ಲಿ ಹಾಕಿ ಬಿಸಾಡಿದೆ. ಉಳಿದ ಚಿಗುರನ್ನು ಒಂದು ಕೈಯಲ್ಲಿ ಆಸರೆ ಕೊಟ್ಟು ಹಿಡಿದು, ಇನ್ನೊಂದು ಕೈಯಿಂದ ಜೋರಾಗಿ ನೀರು ಹಾಯಿಸಿದೆ. ಬಹುಪಾಲು ಹೇನು ಇದರಲ್ಲೇ ಉದುರುತ್ತವೆ, ಮತ್ತೆ ಹತ್ತಿ ಬರುವುದು ಅವಕ್ಕೆ ಸುಲಭವಲ್ಲ. ಉಳಿದವಕ್ಕೆ ಒಂದು ಲೀಟರ್ ನೀರಿಗೆ 10 ಎಂಎಲ್ ಗಿಡಕ್ಕೆಂದೇ ಮಾಡಿದ ದ್ರವ ಸೋಪು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಸೋಪು ಮೈಗೆ ತಾಗಿದ ಹೇನು ಮಾತ್ರ ಸಾಯುತ್ತದೆ, ಒಣಗಿದ ಮೇಲೆ ಅದಕ್ಕೆ ಯಾವ ಶಕ್ತಿಯೂ ಇಲ್ಲ. ಅದಕ್ಕೇ ಎಲೆಯ ಅಡಿಭಾಗ, ಮೊಗ್ಗಿನ ಸಂದು ಪೂರ್ತಿ ತೊಯ್ಯಬೇಕು. ಬಿಸಿಲಿನಲ್ಲಿ ಹೊಡೆಯಬಾರದು. ಮೊದಲು ಒಂದೆರಡು ಎಲೆಗೆ ಹಾಕಿ, ಒಂದು ದಿನ ನೋಡಿ ಮುಂದುವರಿಯುವುದು ಒಳ್ಳೆಯದು. ಬೆಚ್ಚಗಿನ ವಾತಾವರಣದಲ್ಲಿ ಹೆಣ್ಣು ಹೇನುಗಳು ಗಂಡಿನ ಅಗತ್ಯವೇ ಇಲ್ಲದೆ ನೇರವಾಗಿ ಮರಿ ಹಾಕುತ್ತವೆ, ಆ ಮರಿ ವಾರ, ಹತ್ತು ದಿನದಲ್ಲಿ ತಾನೂ ಮರಿ ಹಾಕುತ್ತದೆ. ನಾಲ್ಕೈದು ದಿನಕ್ಕೆ ಒಮ್ಮೆ ಮತ್ತೆ ಹೊಡೆಯಬೇಕಾಗುವುದು ಇದಕ್ಕೇ.

ಮಾರನೆಯ ದಿನ ಇರುವೆಗಳು ಅಂಟಿನ ಪಟ್ಟಿಯ ಕೆಳಗೆ ಗುಂಪಾಗಿ ಸುತ್ತುತ್ತಿದ್ದವು. ಆಮಿಷ ಇಡಲು ಇದೇ ಸಮಯ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಸಕ್ಕರೆ, 5 ಗ್ರಾಂ ಬೋರಿಕ್ ಆಸಿಡ್ ಪುಡಿ ಹಾಕಿ ಪೂರ್ತಿ ಕರಗಿಸಿದೆ. ಬೋರಿಕ್ ಪ್ರಮಾಣ ಸುಮಾರು ಶೇಕಡಾ 1ರಷ್ಟೇ ಇರಬೇಕು. ಜಾಸ್ತಿ ಹಾಕಿದರೆ ಇರುವೆ ಅದನ್ನು ಕುಡಿಯುವುದೇ ಇಲ್ಲ, ಕುಡಿದರೂ ಗೂಡಿನಲ್ಲಿ ಹಂಚುವ ಮೊದಲೇ ಸಾಯುತ್ತದೆ. ನಮಗೆ ಬೇಕಾದದ್ದು ನಿಧಾನದ ಸಾವು. ಈ ದ್ರವದಲ್ಲಿ ಹತ್ತಿ ಅದ್ದಿ, ಮುಚ್ಚಳದ ಬಳಿ ಇರುವೆ ಮಾತ್ರ ನುಗ್ಗುವಷ್ಟು ಚಿಕ್ಕ ತೂತು ಮಾಡಿದ ಡಬ್ಬಿಯಲ್ಲಿಟ್ಟು, ಕುಂಡದ ತಳದ ಪಕ್ಕದಲ್ಲಿ ನೆಲದ ಮೇಲೆ ಇಟ್ಟೆ. ಕುಂಡದ ಮಣ್ಣಿನ ಮೇಲೆ ಇಡಬಾರದು. ಬೋರಾನ್ ಸ್ವಲ್ಪ ಹೆಚ್ಚಾದರೂ ಗಿಡಕ್ಕೆ ವಿಷ, ಎಲೆಯ ಅಂಚು ಸುಟ್ಟ ಹಾಗೆ ಆಗುತ್ತದೆ. ಡಬ್ಬಿ ಮುಚ್ಚಿರುವುದು ಜೇನುನೊಣಗಳ ದೃಷ್ಟಿಯಿಂದಲೂ ಮುಖ್ಯ. ಮಕ್ಕಳು, ಸಾಕುಪ್ರಾಣಿಗಳ ಕೈಗೆ ಸಿಗದ ಹಾಗೆ ಇಡಿ, ಉಳಿದ ದ್ರವದ ಬಾಟಲಿಗೆ ವಿಷ ಎಂದು ಬರೆದಿಡಿ.

ಡಬ್ಬಿಗೆ ಇರುವೆಗಳು ಮುತ್ತಿಕೊಂಡಾಗ ಕೆಲವರಿಗೆ ಗಾಬರಿಯಾಗುತ್ತದೆ. ಅದು ಒಳ್ಳೆಯ ಲಕ್ಷಣ. ಒಂದನ್ನೂ ಹೊಸಕಬಾರದು, ಅವು ಗೂಡಿಗೆ ಮರಳಬೇಕು. ಹತ್ತಿ ಒಣಗುವ, ಹುಳಿ ಬರುವ ಮೊದಲೇ ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸುತ್ತಾ ಹೋದೆ. ವಾರ ಕಳೆಯುವಷ್ಟರಲ್ಲಿ ಸಾಲು ತೆಳುವಾಗಿ, ಆಮೇಲೆ ಅಲ್ಲೊಂದು ಇಲ್ಲೊಂದು ಇರುವೆ ಉಳಿಯಿತು. ಒಂದೇ ಗೂಡಿನಲ್ಲಿ ಹಲವು ರಾಣಿಗಳಿರುವ ಜಾತಿಗಳೂ ಇವೆ, ಅವುಗಳಿಗೆ ಹಲವು ವಾರ ಬೇಕಾಗುತ್ತದೆ. ಸಕ್ಕರೆ ನೀರನ್ನು ಮೂಸಿಯೂ ನೋಡದ, ಎಣ್ಣೆ ಅಥವಾ ಮಾಂಸದ ಪದಾರ್ಥ ಬಯಸುವ ಇರುವೆಗಳೂ ಇವೆ. ಆದರೆ ಹೇನು ಸಾಕುವ ಇರುವೆಗಳು ಸಿಹಿಗೆ ಬಂದೇ ಬರುತ್ತವೆ.

ಮುಳುಗಿಸುವ ಕೆಲಸಕ್ಕೆ ಕೈ ಹಾಕಿದ್ದು ಇದಾದ ಮೇಲೆ. ಕುಂಡವನ್ನು ದೊಡ್ಡ ಟಬ್ಬಿನಲ್ಲಿಟ್ಟು, ನೀರನ್ನು ಕೆಳಗಿನಿಂದ ನಿಧಾನವಾಗಿ ಏರಿಸಿದೆ. ಒಮ್ಮೆಲೇ ಸುರಿದರೆ ಸುರಂಗದಲ್ಲಿ ಗಾಳಿ ಸಿಕ್ಕಿಕೊಂಡು ಇರುವೆಗಳು ಒಳಗೇ ಬದುಕುತ್ತವೆ. ಮಣ್ಣಿನ ಮೇಲೆ ಒಂದು ಬೆರಳು ನೀರು ನಿಂತ ಮೇಲೆ, ಗುಳ್ಳೆ ಬರುವುದು ನಿಲ್ಲುವವರೆಗೆ, ಅಂದಾಜು ಅರ್ಧ ಗಂಟೆ ಬಿಟ್ಟೆ. ತೇಲಿ ಬಂದ ಇರುವೆ, ಮರಿಗಳನ್ನು ಜರಡಿಯಿಂದ ತೆಗೆದೆ. ಕಚ್ಚುವ ಕೆಂಪಿರುವೆಯಾದರೆ ಕೈಗವಸು ಬೇಕೇ ಬೇಕು. ಇದರಿಂದ ಗೂಡು ಖಾಲಿಯಾಗುವುದರ ಜೊತೆಗೆ ಒಣಗಿದ ನಡುಮಣ್ಣೂ ನೆನೆಯಿತು, ನನಗೆ ಅದೇ ದೊಡ್ಡ ಲಾಭ. ಎತ್ತಲಾಗದ ಕುಂಡವಾದರೆ ತಳದ ತೂತಿಗೆ ಬಟ್ಟೆ ತುರುಕಿ, ಮೇಲಿಂದ ನಿಧಾನವಾಗಿ ನೀರು ನಿಲ್ಲಿಸಿ, ಅಷ್ಟೇ ಹೊತ್ತಿನ ಬಳಿಕ ಬಟ್ಟೆ ತೆಗೆದುಬಿಡಿ. ನೀರು ಪೂರ್ತಿ ಇಳಿದ ಮೇಲೆ ಕುಸಿದ ಸುರಂಗಗಳಿಗೆ ಹೊಸ ಮಣ್ಣು ತುಂಬಿ ಮೆಲ್ಲಗೆ ಒತ್ತಿದೆ.

ಆಗ ಒಂದು ಬದಿಯ ಬೇರನ್ನೂ ಬಿಡಿಸಿ ನೋಡಿದೆ. ಬೇರಿನ ಮೇಲೆ ಬಿಳಿ ಹಿಟ್ಟು ಮೆತ್ತಿದ ಹಾಗಿದ್ದರೆ ಅಲ್ಲಿ ಹಿಟ್ಟು ತಿಗಣೆ ಅಥವಾ ಬೇರಿನ ಹೇನು ಇರುತ್ತದೆ, ಇರುವೆಗಳು ಅವನ್ನೂ ಸಾಕುತ್ತವೆ. ನನ್ನ ಕುಂಡದಲ್ಲಿ ಇರಲಿಲ್ಲ. ಇದ್ದರೆ ಗಿಡವನ್ನು ಕಿತ್ತು, ಬೇರು ತೊಳೆದು, ಹಳೆ ಮಣ್ಣನ್ನು ಪೂರ್ತಿ ಬಿಸಾಡುವುದೇ ದಾರಿ.

ಇರುವೆ ಕಾವಲು ಹೋದ ಮೇಲೆ ಚಿಗುರಿನಲ್ಲಿ ಹೊಸ ಅತಿಥಿಗಳು ಕಂಡವು. ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ, ಉದ್ದನೆಯ ಹುಳುಗಳು. ಗುಲಗಂಜಿ ಹುಳುವಿನ ಮರಿಗಳು ಅವು, ಹೇನು ತಿನ್ನುವುದರಲ್ಲಿ ಬಲು ಚುರುಕು. ಕೀಟ ಅಂದುಕೊಂಡು ದಯವಿಟ್ಟು ಕೊಲ್ಲಬೇಡಿ. ಕಂದು ಬಣ್ಣಕ್ಕೆ ತಿರುಗಿ ಉಬ್ಬಿ, ಅಲ್ಲಾಡದೆ ಕೂತ ಹೇನುಗಳೂ ಕಂಡವು. ಅವುಗಳ ಒಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿರುತ್ತದೆ. ಇವು ಕಂಡ ಮೇಲೆ ನಾನು ಸೋಪು ಹೊಡೆಯುವುದನ್ನು ನಿಲ್ಲಿಸಿದೆ, ಉಳಿದ ಹೇನುಗಳನ್ನು ಅವುಗಳಿಗೇ ಬಿಟ್ಟೆ. ಸಾರಜನಕದ ಗೊಬ್ಬರವನ್ನೂ ಸ್ವಲ್ಪ ಕಾಲ ಕೊಡಲಿಲ್ಲ, ಏಕೆಂದರೆ ಅದರಿಂದ ಬರುವ ರಸಭರಿತ ಚಿಗುರೇ ಹೇನಿಗೆ ಇಷ್ಟ. ಸಾಲು ಪೂರ್ತಿ ನಿಂತ ಮೇಲೆ ಕಾಂಡದ ಟೇಪನ್ನೂ ಬಿಚ್ಚಿದೆ. ಹಾಗೇ ಬಿಟ್ಟರೆ ಕಾಂಡ ದಪ್ಪವಾದಾಗ ಬಿಗಿಯುತ್ತದೆ, ಅಡಿಯಲ್ಲಿ ತೇವ ನಿಂತು ತೊಗಟೆ ಕೊಳೆಯುತ್ತದೆ.

ಮೆಣಸಿನಂಥ ತೆಳು ಕಾಂಡದ, ಬುಡದಲ್ಲೇ ಕವಲೊಡೆದ ಗಿಡಗಳಿಗೆ ಟೇಪು ಸುತ್ತಲು ಆಗುವುದಿಲ್ಲ. ಅವುಗಳಲ್ಲಿ ಗೂಡು ಅದೇ ಕುಂಡದಲ್ಲಿದ್ದರೆ ಎರಡು ದಿನಕ್ಕೊಮ್ಮೆ ಬರೀ ನೀರು ಹಾಯಿಸಿ ಹೇನು ಉದುರಿಸುತ್ತಾ, ಜೊತೆಗೇ ಆಮಿಷ ಇಡುತ್ತೇನೆ. ಗೂಡು ಹೊರಗಿದ್ದರೆ ಕೆಲಸ ಇನ್ನೂ ಸುಲಭ. ಸೋಪಿನ ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟಿಗೆ ಇಟ್ಟು, ತಳ ನೀರಿಗೆ ತಾಗದಂತೆ ಅದರ ಮೇಲೆ ಕುಂಡ ಕೂರಿಸಿದರೆ ಇರುವೆಗಳಿಗೆ ದಾರಿಯೇ ಇರುವುದಿಲ್ಲ.